ಒಂದೇ ಮದುಮಗಳು, ಮೂರು ಬಣ್ಣ

ಮದುವೆ ಆಲ್ಬಂ ಬಿಡಿಸಿಕೊಂಡು ಕೂತರೆ ಎಡಪುಟದಲ್ಲಿ ಮದುಮಗಳ ಕೆನ್ನೆ ಹಳದಿ, ಬಲಪುಟದಲ್ಲಿ ಗುಲಾಬಿ, ಹಾಳೆ ಮಗುಚಿದರೆ ಬೂದಿ ಬಳಿದ ಹಾಗೆ. ಸೀರೆಯ ಕಥೆಯೂ ಅಷ್ಟೆ. ಒಂದು ಕಡೆ ಕುಂಕುಮಗೆಂಪು, ಇನ್ನೊಂದು ಕಡೆ ಕೇಸರಿ, ಮತ್ತೊಂದು ಕಡೆ ಮೆರೂನ್. ಉಟ್ಟದ್ದು ಒಂದೇ ಧಾರೆ ಸೀರೆ, ಕೂತದ್ದು ಒಂದೇ ಹಸೆಮಣೆ. ಹಾಗಿದ್ದೂ ಒಂದೇ ಹೆಣ್ಣಿನ ಮೂರು ಮುಖ ನೋಡಿದಂತಾಗುತ್ತದೆ.

ಆ ದಿನ ಮಂಟಪದಲ್ಲಿದ್ದವರಿಗೆ ಇದು ಯಾರಿಗೂ ಕಾಣಿಸಿರುವುದಿಲ್ಲ. ನಮ್ಮ ಕಣ್ಣು ಒಂದು ಬೆಳಕಿಗೆ ಬಂದ ಸ್ವಲ್ಪ ಹೊತ್ತಿಗೆಲ್ಲ ಆ ಬೆಳಕನ್ನೇ ಬಿಳಿ ಎಂದು ಒಪ್ಪಿಕೊಂಡುಬಿಡುತ್ತದೆ. ಅಂಗಳದ ಬಿಸಿಲಿನಿಂದ ಹಳದಿ ದೀಪದ ಸಭಾಂಗಣಕ್ಕೆ ಬಂದವರಿಗೆ ಅಳಿಯನ ಪಂಚೆ ಬಿಳಿಯಾಗಿಯೇ ಕಾಣುತ್ತದೆ. ಕ್ಯಾಮೆರಾಗೆ ಈ ಒಪ್ಪಂದ ಗೊತ್ತಿಲ್ಲ, ಬಿದ್ದ ಬೆಳಕನ್ನು ಬಿದ್ದ ಹಾಗೆ ಬರೆದುಕೊಳ್ಳುತ್ತದೆ. ಮದುವೆಯಲ್ಲಿ ನಾವು ಬೆಳಕುಗಳನ್ನು ಒಂದಾದ ಮೇಲೊಂದರಂತೆ ನೋಡುತ್ತೇವೆ. ಆಲ್ಬಂ ಮೂರು ಬೆಳಕುಗಳನ್ನು ಒಂದೇ ಪುಟದ ಮೇಲೆ ಪಕ್ಕಪಕ್ಕ ತಂದು ಕೂರಿಸುತ್ತದೆ. ಆಗ ಕಣ್ಣಿಗೆ ಹೊಂದಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಆಲ್ಬಂಗೆ ಒಂದೇ ಬಣ್ಣ ಕೊಡುವುದು ಎಂದರೆ ಕಣ್ಣು ಅಂದು ತಾನಾಗಿ ಮಾಡಿದ ಕೆಲಸವನ್ನು ನಾವು ಕೂತು, ಚಿತ್ರ ಚಿತ್ರಕ್ಕೂ ಮತ್ತೆ ಮಾಡುವುದು.

ಹೇಗೆ ಮಾಡುತ್ತೇವೆ ಎಂಬುದನ್ನು ನಾನು ಬಣ್ಣ ತಿದ್ದಿದ ಒಂದು ಮದುವೆಯಿಂದಲೇ ಹೇಳುತ್ತೇನೆ. ಹಾಸನದ ಕಡೆಯ ಮದುವೆ. ಅರಿಶಿನದ ಶಾಸ್ತ್ರ ಹಳ್ಳಿಯ ಮನೆಯಂಗಳದಲ್ಲಿ. ಮಳೆ ಬಂದೀತೆಂದು ಚಪ್ಪರದ ಮೇಲೆ ನೀಲಿ ಟಾರ್ಪಾಲ್ ಎಳೆದಿದ್ದರು. ಮುಹೂರ್ತ ಪಟ್ಟಣದ ಕಲ್ಯಾಣ ಮಂಟಪದಲ್ಲಿ, ಬೆಚ್ಚನೆಯ ಹಳದಿ ಎಲ್ಇಡಿ ದೀಪಗಳ ಕೆಳಗೆ, ಜೊತೆಗೆ ವಿಡಿಯೊದವರ ಬಿಳಿ ಲೈಟು. ಸಂಜೆಯ ಆರತಕ್ಷತೆಗೆ ವೇದಿಕೆಯ ತುಂಬ ನೇರಳೆ ಬಣ್ಣದ ದೀಪಗಳು. ಇಬ್ಬರು ಫೋಟೋಗ್ರಾಫರ್‌ಗಳು, ಎರಡು ಬೇರೆ ಬೇರೆ ಕಂಪನಿಯ ಕ್ಯಾಮೆರಾ. ಆಲ್ಬಂಗೆ ಆರಿಸಿದ್ದು ನೂರನಲವತ್ತು ಚಿತ್ರ. ಹಾಳೆಯ ಅಳತೆ ಬಿಡಿಸಿದಾಗ 12 ಇಂಚು ಎತ್ತರ, 36 ಇಂಚು ಅಗಲ. ಅಷ್ಟು ಅಗಲದ ಹಾಳೆಯ ಮೇಲೆ ಎಂಟೊಂಬತ್ತು ಚಿತ್ರ ಒಟ್ಟಿಗೆ ಕೂರುತ್ತವೆ, ಒಂದು ಹದ ತಪ್ಪಿದರೂ ಎದ್ದು ಕಾಣುತ್ತದೆ.

ಮೊದಲ ಕೆಲಸ ಬಣ್ಣ ತಿದ್ದುವುದಲ್ಲ, ಬೇರ್ಪಡಿಸುವುದು. ಚಿತ್ರಗಳು ನಮಗೆ ಶಾಸ್ತ್ರದ ಕ್ರಮದಲ್ಲಿ ಬರುತ್ತವೆ: ವರಪೂಜೆ, ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ. ಬಣ್ಣದ ಕೆಲಸಕ್ಕೆ ಆ ಕ್ರಮದಿಂದ ಪ್ರಯೋಜನವಿಲ್ಲ, ಬೆಳಕಿನ ಕ್ರಮ ಬೇಕು. ಧಾರೆಯ ಹತ್ತು ನಿಮಿಷದಲ್ಲೇ ವಿಡಿಯೊ ಲೈಟು ಮದುಮಗಳ ಮುಖದ ಮೇಲೆ ಮೂರು ಸಲ ಬಂದು ಮೂರು ಸಲ ಹೋಗಿತ್ತು. ಅದು ಬಿದ್ದಾಗ ಮುಖ ಬಿಳುಪು, ಹೋದಾಗ ಅದೇ ಮುಖ ಅರಿಶಿನ. ಹಾಗಾಗಿ ಧಾರೆಯ ಚಿತ್ರಗಳನ್ನು ‘ಲೈಟು ಇದ್ದವು’, ‘ಲೈಟು ಇಲ್ಲದವು’ ಎಂದು ಎರಡು ರಾಶಿ ಮಾಡಿದೆ. ಪ್ರತಿ ರಾಶಿಯನ್ನೂ ಕ್ಯಾಮೆರಾ ಪ್ರಕಾರ ಮತ್ತೆ ಎರಡಾಗಿ ಒಡೆದೆ. ಒಂದು ರಾಶಿಗೆ ಸಿಕ್ಕ ತಿದ್ದುಪಡಿ ಆ ರಾಶಿಗೆಲ್ಲ ಒಗ್ಗಬೇಕು, ಪಕ್ಕದ ರಾಶಿಗೆ ತಾಕಬಾರದು. ಅಂಗಳ, ಮಂಟಪ, ವೇದಿಕೆ ಎಲ್ಲ ಸೇರಿ ಇಂಥ ಹನ್ನೊಂದು ರಾಶಿಗಳಾದವು. ಈ ವಿಂಗಡಣೆಗೆ ಒಂದು ಗಂಟೆ ಹಿಡಿಯಿತು. ಇದನ್ನು ಮಾಡದೆ ನೇರ ತಿದ್ದಲು ಕೂತವರು ಮೂರು ದಿನ ಕಳೆದರೂ ಒಂದನ್ನು ಸರಿಮಾಡಿ ಇನ್ನೊಂದನ್ನು ಕೆಡಿಸುತ್ತಲೇ ಇರುತ್ತಾರೆ.

ತೆಗೆಯುವವರು ಒಂದು ಉಪಕಾರ ಮಾಡಿದ್ದರೆ ಈ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ಒಂದು ಜಾಗಕ್ಕೆ ಒಂದು ಕೆಲ್ವಿನ್ ಸಂಖ್ಯೆ ಎಂದು ಕಟ್ಟಿಹಾಕುವುದು, ರಾ ಫೈಲಿನಲ್ಲಿ ತೆಗೆಯುವುದು. ಬೆಳಕಿನ ಬಣ್ಣವನ್ನು ಅಳೆಯುವುದು ಕೆಲ್ವಿನ್‌ನಲ್ಲಿ: ಎಣ್ಣೆ ದೀಪದ ಬೆಳಕು ಸುಮಾರು 1900, ಹಳೆಯ ಬುರುಡೆ ಬಲ್ಬು 2700ರ ಆಸುಪಾಸು, ನಡುಹಗಲಿನ ಬಿಸಿಲು 5500, ನೆರಳು ಅದಕ್ಕಿಂತ ಮೇಲೆ. ಸಂಖ್ಯೆ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಚೌಕಟ್ಟಿನೊಳಗೆ ಕಂಡದ್ದನ್ನೆಲ್ಲ ನೋಡಿ ತನ್ನ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕೆಂಪು ಸೀರೆ ಇದ್ದರೆ ಕೆಂಪು ಬೆಳಕೇ ಬಿದ್ದಿದೆ ಎಂದು ತಿಳಿದು ಎದುರು ಬಣ್ಣ ಸುರಿಯುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು ತೆಗೆದರೆ ಲೆಕ್ಕ ಬದಲಾಗುತ್ತದೆ. ಹತ್ತು ಚಿತ್ರದಲ್ಲಿ ಹತ್ತು ಥರದ ತಪ್ಪು. ಸಂಖ್ಯೆ ಕಟ್ಟಿದ್ದರೆ ತಪ್ಪಾದರೂ ಹತ್ತರಲ್ಲೂ ಒಂದೇ ತಪ್ಪು, ಒಂದೇ ಮದ್ದು.

ಅರಿಶಿನದ ಚಿತ್ರಗಳಲ್ಲಿ ಈ ಮಾತು ಚೆನ್ನಾಗಿ ಕಂಡಿತು. ನೀಲಿ ಟಾರ್ಪಾಲಿನಿಂದ ಸೋಸಿ ಬಂದ ಬೆಳಕಿನಲ್ಲಿ ಎಲ್ಲರ ಮುಖವೂ ತಣ್ಣಗೆ ನೀಲಿ. ಅರಿಶಿನಕ್ಕೆ ಇನ್ನೂ ಕಷ್ಟ: ಅದು ನೀಲಿಯನ್ನು ಹೀರಿಕೊಳ್ಳುವ ಬಣ್ಣ. ನೀಲಿ ಬೆಳಕೇ ಹೆಚ್ಚಿದ್ದಾಗ ವಾಪಸು ಕೊಡಲು ಅದರ ಬಳಿ ಹೆಚ್ಚೇನೂ ಇರುವುದಿಲ್ಲ, ಹಸಿರು ಹಿಡಿದ ಮಣ್ಣಿನ ಹಾಗೆ ಕಾಣುತ್ತದೆ. ಮುಖವನ್ನು ನೋಡಿಕೊಂಡು ಸರಿಮಾಡೋಣವೆಂದರೆ ಮುಖಕ್ಕೆ ನಿಜವಾಗಿಯೂ ಹಳದಿ ಬಳಿದಿದ್ದಾರೆ. ಆ ಹಳದಿಯನ್ನು ತಪ್ಪೆಂದು ಭಾವಿಸಿ ತೆಗೆದುಹಾಕಿದರೆ ಅರಿಶಿನದ ಶಾಸ್ತ್ರದಲ್ಲಿ ಅರಿಶಿನವೇ ಇರುವುದಿಲ್ಲ. ಪುಣ್ಯಕ್ಕೆ ಫೋಟೋಗ್ರಾಫರ್ ಶುರುವಿಗೇ ಮದುಮಗಳ ಕೈಗೆ ಒಂದು ಗ್ರೇ ಕಾರ್ಡ್ ಕೊಟ್ಟು ಒಂದು ಚಿತ್ರ ತೆಗೆದಿದ್ದ. ಯಾವ ಬಣ್ಣದ ಕಡೆಗೂ ವಾಲದ, ಬೂದು ಬಣ್ಣದ ಅಂಗೈಯಗಲದ ಕಾರ್ಡು. ಲೈಟ್‌ರೂಮಿನಲ್ಲಿ W ಒತ್ತಿದರೆ ಬರುವ ಪಿಪೆಟ್ಟನ್ನು ಅದರ ಮೇಲೆ ಇಟ್ಟು ಒತ್ತಿದೆ. ಬಣ್ಣ ಒಂದೇ ಏಟಿಗೆ ಜಾಗಕ್ಕೆ ಬಂತು, ಅರಿಶಿನ ಅರಿಶಿನವಾಯಿತು. ಅದೇ ಅಳತೆಯನ್ನು Sync ಮಾಡಿ ಆ ರಾಶಿಗೆಲ್ಲ ಕೊಟ್ಟೆ.

ಕಾರ್ಡ್ ಇಲ್ಲದಾಗ ಅನೇಕರು ಪಿಪೆಟ್ಟನ್ನು ಮದುಮಗನ ಬಿಳಿ ಪಂಚೆಯ ಮೇಲೆ ಒತ್ತುತ್ತಾರೆ. ಅಲ್ಲೊಂದು ಮೋಸವಿದೆ. ಹೊಸ ಪಂಚೆಗೂ ಸೋಪಿನ ಪುಡಿಗೂ ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರೆ. ಅದು ಹಗಲಿನ ಬೆಳಕಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ನೀಲಿಯಾಗಿ ಮಾರ್ಪಡಿಸಿ ಹೊರಬಿಡುತ್ತದೆ. ಆ ನೀಲಿಯೇ ಬಿಳಿಯೆಂದು ಲೆಕ್ಕ ಹಾಕಿದರೆ ಉಳಿದದ್ದೆಲ್ಲ ಬೇಕಾದದ್ದಕ್ಕಿಂತ ಹಳದಿಗೆ ವಾಲುತ್ತದೆ. ಪಂಚೆ ಒಪ್ಪವಾಗಿ ಬಂದು ಮನುಷ್ಯರು ಕಾಮಾಲೆ ಬಂದವರ ಹಾಗೆ ಕಂಡರೆ ಕಾರಣ ಇದಿರಬಹುದು.

ಇನ್ನು ಮಂಟಪ. ಇಲ್ಲಿ ಒಂದು ಚಿತ್ರವನ್ನು ಕಂಬದ ಹಾಗೆ ನಿಲ್ಲಿಸಿಕೊಳ್ಳುತ್ತೇನೆ. ಉಳಿದವೆಲ್ಲ ಅದಕ್ಕೆ ಆತುಕೊಳ್ಳಬೇಕು. ಅದು ಆಲ್ಬಂನ ಅತಿ ಚೆಂದದ ಚಿತ್ರ ಆಗಬೇಕಾಗಿಲ್ಲ. ಮುಖದ ಮೇಲೆ ಒಂದೇ ಬೆಳಕು, ಸೀರೆಯ ಒಂದಿಷ್ಟು ಭಾಗ, ಹಿಂದೆ ಬಾಳೆಕಂದಿನ ಹಸಿರು, ಎಲ್ಲೋ ಒಂದು ಬಿಳಿ, ಇಷ್ಟಿದ್ದರೆ ಸಾಕು. ತಾಳಿ ಕಟ್ಟಿದ ಮೇಲೆ ಮದುಮಗಳು ತಲೆಯೆತ್ತಿ ಅಮ್ಮನನ್ನು ನೋಡುವ ಚಿತ್ರ ಸಿಕ್ಕಿತು. ಅದನ್ನು ಕಣ್ಣಿಗೆ ಒಪ್ಪುವವರೆಗೆ ತಿದ್ದಿ, ಕೆನ್ನೆಯ ಮೇಲೆ ಮೌಸ್ ಇಟ್ಟು ಹಿಸ್ಟೋಗ್ರಾಂ ಕೆಳಗಿನ ಸಂಖ್ಯೆ ಬರೆದುಕೊಂಡೆ: ಕೆಂಪು 72, ಹಸಿರು 56, ನೀಲಿ 47. ಇವು ನೂರರಲ್ಲಿ ಎಷ್ಟು ಎಂಬ ಲೆಕ್ಕ. ನನಗೆ ಬೇಕಿದ್ದದ್ದು ಸಂಖ್ಯೆಗಿಂತ ನಡುವಿನ ಅಂತರ: ಕೆಂಪಿನಿಂದ ಹಸಿರಿಗೆ 16, ಹಸಿರಿನಿಂದ ನೀಲಿಗೆ 9.

ಈ ಅಂತರ ಜೊತೆಗಿದ್ದರೆ ಕಣ್ಣು ದಣಿದಾಗಲೂ ಮೋಸಹೋಗುವುದಿಲ್ಲ. ವಿಡಿಯೊ ಲೈಟು ಇಲ್ಲದ ರಾಶಿಯ ಒಂದು ಚಿತ್ರದಲ್ಲಿ ಅದೇ ಕೆನ್ನೆ 72, 55, 36 ಎಂದು ತೋರಿಸಿತು. ನೀಲಿ ಕುಸಿದಿದೆ, ಅಂದರೆ ಹಳದಿ ಹೆಚ್ಚಾಗಿದೆ. Temp ಅನ್ನು ಕೆಳಗಿಳಿಸಬೇಕು. ಇನ್ನೊಂದರಲ್ಲಿ 72, 50, 47: ಹಸಿರು ಕುಸಿದಿದೆ, ಮುಖಕ್ಕೆ ಕೆನ್ನೀಲಿ ಬೆರೆತ ಗುಲಾಬಿ ಬಂದಿದೆ. ಅದಕ್ಕೆ Temp ಮುಟ್ಟಿದರೆ ಪ್ರಯೋಜನವಿಲ್ಲ, Tint ಅನ್ನು ಹಸಿರಿನ ಕಡೆಗೆ ಸರಿಸಬೇಕು. ಈ ಎರಡನ್ನು ಅದಲುಬದಲು ಮಾಡಿಕೊಳ್ಳುವುದೇ ಹೊಸಬರು ಗಂಟೆಗಟ್ಟಲೆ ಸುತ್ತುವುದಕ್ಕೆ ಕಾರಣ. ನಾನು ಹೇಳಿದ ಅಂಕಿಗಳು ಆ ಹುಡುಗಿಯ ಆ ಕೆನ್ನೆಯವು ಮಾತ್ರ, ಇನ್ನೊಬ್ಬರ ಮುಖಕ್ಕೆ ತಂದು ಹಚ್ಚುವಂಥವಲ್ಲ. ಪ್ರತಿ ಮದುವೆಯಲ್ಲೂ ಹೊಸದಾಗಿ ಬರೆದುಕೊಳ್ಳಬೇಕು, ಮುಖದ ಅದೇ ಜಾಗದಲ್ಲಿ, ನೆರಳಿಲ್ಲದ ಕಡೆ ಅಳೆಯಬೇಕು.

ಅಳೆಯುವ ಮೊದಲು ಬೆಳಕಿನ ಪ್ರಮಾಣ ಸರಿಯಾಗಬೇಕು ಎಂಬುದನ್ನು ಹೇಳಲೇಬೇಕು. ಕತ್ತಲಾಗಿ ಬಂದ ಚಿತ್ರದಲ್ಲಿ ಬಣ್ಣ ದಟ್ಟವಾಗಿಯೂ ಬೆಳಕು ಹೆಚ್ಚಾದದ್ದರಲ್ಲಿ ತೆಳ್ಳಗೂ ಕಾಣುತ್ತದೆ. ಬಣ್ಣ ಬೇರೆಯಾಗಿದೆ ಎಂದು ನಮಗೆ ಅನ್ನಿಸುವ ಎಷ್ಟೋ ಕಡೆ ಬೇರೆಯಾಗಿರುವುದು ಬೆಳಕು ಮಾತ್ರ. ಎರಡನೆಯ ಕ್ಯಾಮೆರಾದ ಚಿತ್ರಗಳು ಸೀರೆಯನ್ನು ಮೆರೂನ್ ಮಾಡಿವೆ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಬೆಳಕನ್ನು ಅರ್ಧ ಸ್ಟಾಪ್ ಎತ್ತಿದಾಗ ಮುಕ್ಕಾಲು ಪಾಲು ವ್ಯತ್ಯಾಸ ತಾನಾಗಿ ಹೋಯಿತು. ಉಳಿದ ಕಾಲು ಪಾಲು ಮಾತ್ರ ಕ್ಯಾಮೆರಾದ್ದು. ಎರಡು ಕಂಪನಿಗಳ ಕ್ಯಾಮೆರಾ ಒಂದೇ ಕೆಂಪನ್ನು ಒಂದೇ ರೀತಿ ನೋಡುವುದಿಲ್ಲ. ಎರಡಕ್ಕೂ 4200 ಕೆಲ್ವಿನ್ ಎಂದು ಬರೆದುಬಿಟ್ಟರೆ ಒಂದಾಗುತ್ತವೆ ಎಂಬ ನಂಬಿಕೆ ಸುಳ್ಳು. ಲೈಟ್‌ರೂಮಿನ Reference View ತೆರೆದು ಎಡಗಡೆ ಕಂಬದ ಚಿತ್ರ, ಬಲಗಡೆ ಎರಡನೆಯ ಕ್ಯಾಮೆರಾದ ಚಿತ್ರ ಇಟ್ಟುಕೊಂಡೆ. ಮೊದಲು ಮುಖ ಕೂಡುವವರೆಗೆ Temp ಮತ್ತು Tint, ಆಮೇಲೆ ಬಣ್ಣಗಳ ಪಟ್ಟಿಯಲ್ಲಿ ಕೆಂಪನ್ನು ಮಾತ್ರ ಒಂಚೂರು ಕಿತ್ತಳೆಯ ಕಡೆಗೆ ಸರಿಸಿದೆ. ಕ್ರಮ ತಪ್ಪಬಾರದು. ಸೀರೆಯನ್ನು ಮೊದಲು ಹೊಂದಿಸಲು ಹೋದರೆ ಮುಖ ಅದರ ಹಿಂದೆ ದಾರಿತಪ್ಪುತ್ತದೆ.

ಕೆಂಪು ಸೀರೆ ಇನ್ನೊಂದು ಕಾರಣಕ್ಕೂ ಕಾಡುತ್ತದೆ. ರೇಷ್ಮೆಯ ಕೆಂಪು ಎಷ್ಟು ಗಾಢವೆಂದರೆ ಹಸಿರು, ನೀಲಿ ಖಾಲಿಯಿರುವಾಗಲೇ ಕೆಂಪಿನ ಕೊಡ ತುಂಬಿ ಚೆಲ್ಲಿಬಿಟ್ಟಿರುತ್ತದೆ. ಚೆಲ್ಲಿದ ಮೇಲೆ ನೆರಿಗೆಯ ಏರಿಳಿತ ಬರೆಯಲು ಜಾಗವಿಲ್ಲ. ಸೀರೆ ಬಣ್ಣ ಬಳಿದ ತಗಡಿನ ಹಾಗೆ ಚಪ್ಪಟೆಯಾಗುತ್ತದೆ, ಅಂಚಿನ ಜರಿಯೂ ಅದರಲ್ಲಿ ಮುಳುಗುತ್ತದೆ. ಕೆಂಪಿನ ಗಾಢತೆಯನ್ನು ಏರಿಸಿದರೆ ‘ಎದ್ದು ಕಾಣುತ್ತದೆ’ ಎಂದು ಹಲವರು ಏರಿಸುತ್ತಾರೆ. ನಾನು ಮಾಡುವುದು ಇಳಿಸುವುದನ್ನು: ಗಾಢತೆ ಹತ್ತರಷ್ಟು ಕೆಳಗೆ, ಕೆಂಪಿನ ಹೊಳಪು ಇನ್ನೊಂದಿಷ್ಟು ಕೆಳಗೆ. ನೆರಿಗೆಗಳು ಮರಳಿ ಬಂದಾಗ ಸೀರೆಗೆ ತೂಕ ಬರುತ್ತದೆ. ಚರ್ಮದ ಬಣ್ಣ ಹೆಚ್ಚಾಗಿ ಕಿತ್ತಳೆಯ ಪಟ್ಟಿಯಲ್ಲಿರುವುದರಿಂದ ಕೆಂಪನ್ನು ಇಷ್ಟು ಮುಟ್ಟಿದರೆ ಮುಖಕ್ಕೆ ಪೆಟ್ಟಾಗುವುದಿಲ್ಲ, ಆದರೂ ತುಟಿಯನ್ನೂ ಹಣೆಯ ಕುಂಕುಮವನ್ನೂ ಒಮ್ಮೆ ಹತ್ತಿರದಿಂದ ನೋಡಿಕೊಳ್ಳುತ್ತೇನೆ.

ಇಷ್ಟೆಲ್ಲ ಆದ ಮೇಲೆ, ಎಲ್ಲ ರಾಶಿಗಳೂ ಒಂದು ಮಟ್ಟಕ್ಕೆ ಬಂದ ಮೇಲೆ, ‘ಲುಕ್’ ಎಂದು ಎಲ್ಲರೂ ಕೇಳುವ ಆ ಮೇಲುಬಣ್ಣದ ಮಾತು. ಮಾರುಕಟ್ಟೆಯಲ್ಲಿ ಪ್ರಿಸೆಟ್‌ಗಳು ಮಾರಾಟಕ್ಕಿವೆ, ಒಂದು ಒತ್ತಿದರೆ ಇಡೀ ಆಲ್ಬಂ ಸಿನಿಮಾದಂತಾಗುತ್ತದೆ ಎನ್ನುತ್ತಾರೆ. ಪ್ರಿಸೆಟ್ ಎನ್ನುವುದು ಇದ್ದ ಬಣ್ಣವನ್ನು ಒಂದೇ ದಿಕ್ಕಿಗೆ ತಳ್ಳುವ ಯಂತ್ರ. ಹಳದಿಯಾಗಿದ್ದ ಮುಖ, ನೀಲಿಯಾಗಿದ್ದ ಮುಖ ಎರಡನ್ನೂ ಅಷ್ಟಷ್ಟೇ ತಳ್ಳುತ್ತದೆ. ನಡುವಿನ ಅಂತರ ಹಾಗೇ ಉಳಿಯುತ್ತದೆ, ಕೆಲವೊಮ್ಮೆ ಹಿಗ್ಗುತ್ತದೆ. ತಗ್ಗುದಿಣ್ಣೆ ಇರುವ ನೆಲಕ್ಕೆ ಮಟ್ಟ ಮಾಡದೆ ಸಾರಿಸಿದ ಹಾಗೆ.

ಹೊರಗಿನವರ ಮದುವೆಗಳಿಗೆಂದು ಮಾಡಿದ ಪ್ರಿಸೆಟ್‌ಗಳಲ್ಲಿ ಇನ್ನೊಂದು ತೊಂದರೆ. ಬಿಳಿ ಗೌನು, ಬೂದು ಆಕಾಶಗಳ ಚಿತ್ರಕ್ಕೆ ಒಪ್ಪಲೆಂದು ಹಸಿರನ್ನು ಕಂದು ಬಣ್ಣಕ್ಕೆ ತಿರುಗಿಸಿ ಮಂಕು ಮಾಡಿರುತ್ತಾರೆ. ಅದನ್ನು ನಮ್ಮ ಮಂಟಪಕ್ಕೆ ಹಾಕಿದರೆ ಬಾಗಿಲ ಮಾವಿನ ತೋರಣ ಒಣಗಿ ಹೋಗುತ್ತದೆ, ಬಾಳೆಕಂದು ಬಾಡುತ್ತದೆ, ಅರಿಶಿನ ಸಾಸಿವೆಯ ಬಣ್ಣಕ್ಕೆ ಇಳಿಯುತ್ತದೆ. ಶುಭಕಾರ್ಯದ ಮನೆಯಲ್ಲಿ ಒಣಗಿದ ತೋರಣವನ್ನು ಯಾರೂ ಕಟ್ಟುವುದಿಲ್ಲ, ಚಿತ್ರದಲ್ಲಿ ಅದನ್ನು ಒಣಗಿಸುವ ಹಕ್ಕು ನನಗಿದೆ ಎಂದು ನಾನು ತಿಳಿದಿಲ್ಲ. ಈ ಆಲ್ಬಂಗೆ ನಾನು ಕೊಟ್ಟದ್ದು ಬಹಳ ಸಣ್ಣ ಮೇಲುಬಣ್ಣ: ನೆರಳುಗಳಲ್ಲಿ ಎಳ್ಳಷ್ಟು ಬೆಚ್ಚಗೆ, ಹಸಿರಿನಲ್ಲಿರುವ ಕಣ್ಣು ಕುಕ್ಕುವ ಹಳದಿ ಸ್ವಲ್ಪ ಕಡಿಮೆ, ಕಪ್ಪು ತೀರಾ ಕಪ್ಪಾಗದಂತೆ ಒಂದು ಕೂದಲೆಳೆ ಮೇಲೆ. ಅಷ್ಟೇ.

ಮುಖ ಬಿಳುಪು ಮಾಡಿಕೊಡಿ ಎಂಬ ಬೇಡಿಕೆಯೂ ಇದೇ ಹಂತದಲ್ಲಿ ಬರುತ್ತದೆ. ಧಾರೆಯ ಚಿತ್ರದಲ್ಲಿ ಅದರ ಫಲ ಕಣ್ಣಿಗೆ ರಾಚುತ್ತದೆ. ಅಪ್ಪನ ಕೈ, ಅಮ್ಮನ ಕೈ, ಮಗಳ ಕೈ ಒಂದರ ಮೇಲೊಂದು, ಮೇಲಿನಿಂದ ನೀರು ಬೀಳುತ್ತಿದೆ. ಮೇಕಪ್ಪಿನಿಂದ ಮುಖ ಆಗಲೇ ಕೈಗಿಂತ ಒಂದು ಮೆಟ್ಟಿಲು ತಿಳಿಯಾಗಿರುತ್ತದೆ. ಅದನ್ನು ಇನ್ನೂ ಬಿಳಿಮಾಡಿದರೆ ಮುಖ ಒಬ್ಬಳದ್ದು, ಕೈ ಇನ್ನೊಬ್ಬಳದ್ದು. ನಾನು ಮುಖವನ್ನು ಮಾತ್ರ ಆರಿಸಿ ಸ್ವಲ್ಪ ಕೆಳಗಿಳಿಸಿ ಕತ್ತಿಗೂ ಕೈಗೂ ಹತ್ತಿರ ತಂದೆ. ಅವಳು ತನ್ನಪ್ಪನ ಮಗಳಾಗಿಯೇ ಕಾಣಬೇಕು.

ಹಾಗಂತ ಎಲ್ಲವನ್ನೂ ಒಂದೇ ಅಚ್ಚಿಗೆ ತುಂಬುವುದಲ್ಲ. ಲಾಜಹೋಮದ ಚಿತ್ರದಲ್ಲಿ ಮುಖಕ್ಕೆ ಬೆಂಕಿಯ ಬೆಳಕು ತಾಗಿದೆ. ಅದನ್ನು ಕಂಬದ ಚಿತ್ರದ ಅಂತರಕ್ಕೆ ಎಳೆದು ನೋಡಿದೆ: ಬೆಂಕಿ ಬಿಳಿಚಿಕೊಂಡಿತು, ಹಿಂದಿನ ಗೋಡೆ ನೀಲಿಯಾಯಿತು. ವಾಪಸು ಹೋಗಿ ಅರ್ಧ ದಾರಿಯಲ್ಲಿ ನಿಲ್ಲಿಸಿದೆ. ಬೆಂಕಿಯ ಮುಂದೆ ಕೂತವರು ಬೆಚ್ಚಗಿರುವುದನ್ನು ನೋಡುವ ಕಣ್ಣು ತಪ್ಪೆನ್ನುವುದಿಲ್ಲ, ಕಾರಣ ಚಿತ್ರದೊಳಗೇ ಕಾಣುತ್ತಿದೆಯಲ್ಲ. ಮುಖದ ಅರ್ಧ ಹಳದಿ, ಅರ್ಧ ವಿಡಿಯೊ ಲೈಟಿನ ಬಿಳಿ ಇದ್ದ ನಾಲ್ಕು ಚಿತ್ರಗಳಿಗೆ ಮಾತ್ರ ಹಳದಿ ಭಾಗಕ್ಕೆ ಬ್ರಷ್ ಹಿಡಿದು ಬೇರೆ Temp ಕೊಡಬೇಕಾಯಿತು. ಒಂದೊಂದಕ್ಕೆ ಕಾಲು ಗಂಟೆ. ನೂರನಲವತ್ತಕ್ಕೂ ಹೀಗೆ ಮಾಡಲಾಗದು, ಅದಕ್ಕೇ ವಿಂಗಡಣೆ.

ಆರತಕ್ಷತೆಯ ನೇರಳೆ ದೀಪದ ಎದುರು ನಾನು ಸೋತೆ, ಅದನ್ನು ಮರೆಮಾಚುವುದಿಲ್ಲ. ಆ ದೀಪಗಳು ಕೊಡುವುದು ನೀಲಿ ಮತ್ತು ಕೆಂಪು ಮಾತ್ರ, ಹಸಿರು ಬೆಳಕು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೀಳದ ಬೆಳಕನ್ನು ಚರ್ಮ ಮರಳಿಸಲಾರದು, ಕ್ಯಾಮೆರಾ ಬರೆದುಕೊಳ್ಳಲಾರದು, ಬರೆದುಕೊಳ್ಳದ್ದನ್ನು ಯಾವ ತಂತ್ರಾಂಶವೂ ಹೊರತೆಗೆಯಲಾರದು. ಟಾರ್ಪಾಲಿನ ನೀಲಿಯಲ್ಲಿ ಮೂರೂ ಬಣ್ಣ ಹೆಚ್ಚುಕಡಿಮೆಯಾಗಿ ಇದ್ದವು, ಅದಕ್ಕೆ ಸರಿಹೋಯಿತು. ಇಲ್ಲಿ ಒಂದು ಬಣ್ಣವೇ ಗೈರುಹಾಜರು. ಫ್ಲಾಶ್ ಬಿದ್ದ ಚಿತ್ರಗಳಲ್ಲಿ ಮುಖ ಉಳಿದುಕೊಂಡಿತ್ತು, ಅವನ್ನು ಬಣ್ಣದಲ್ಲಿ ಇಟ್ಟೆ. ನೇರಳೆಯೊಂದೇ ಬಿದ್ದ ಆರು ಚಿತ್ರಗಳನ್ನು ಕಪ್ಪುಬಿಳುಪು ಮಾಡಿ, ಬೇರೊಂದು ಹಾಳೆಯಲ್ಲಿ ಒಟ್ಟಿಗೆ ಕೂರಿಸಿದೆ. ಧಾರೆಯ ಪುಟದ ಎದುರಿಗೆ ಅವು ಬರದಂತೆ ಹಾಳೆಗಳ ಜೋಡಣೆಯನ್ನೂ ಬದಲಿಸಿದೆ.

ಕೊನೆಗೆ ಎಲ್ಲ ಚಿತ್ರಗಳನ್ನೂ ಅಂಚೆಚೀಟಿಯಷ್ಟು ಚಿಕ್ಕದಾಗಿ ಒಂದೇ ಪರದೆಯ ಮೇಲೆ ಹರಡಿ, ಎರಡು ಮಾರು ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಮುಖಗಳು ಯಾರದ್ದೆಂದು ಗುರುತಾಗದಷ್ಟು ಮಸುಕಾದಾಗ ಬಣ್ಣದ ಹೊರೆ ಮಾತ್ರ ಉಳಿಯುತ್ತದೆ; ಸಾಲಿನಲ್ಲಿ ಒಂದು ಎದ್ದು ನಿಂತರೆ ಅದು ತಪ್ಪಿದೆ. ಈ ಸಲ ಮೂರು ಸಿಕ್ಕವು.

ಪರದೆಯಲ್ಲಿ ಸರಿಯಾದದ್ದು ಕಾಗದದಲ್ಲಿ ಕೆಡುವುದಕ್ಕೆ ಹೆಚ್ಚಿನ ಸಲ ಕಾರಣ ಪರದೆಯ ಅತಿಯಾದ ಬೆಳಕು. ಹೊಳೆಯುವ ಪರದೆ ನೋಡಿ ಚಿತ್ರವನ್ನು ಕತ್ತಲು ಮಾಡುತ್ತೇವೆ, ತಾನಾಗಿ ಹೊಳೆಯದ ಕಾಗದದ ಮೇಲೆ ಅದು ಇನ್ನೂ ಕತ್ತಲಾಗಿ ಬರುತ್ತದೆ. ಲ್ಯಾಬಿಗೆ ಕಳಿಸುವ ಫೈಲು sRGB ಆಗಿರಬೇಕು, ಅವರು ಬೇರೆ ಕೇಳಿದ್ದರೆ ಮಾತ್ರ ಬೇರೆ. Adobe RGB ಫೈಲನ್ನು sRGB ಎಂದು ಓದಿದ ಯಂತ್ರದಿಂದ ಎಲ್ಲರ ಮುಖವೂ ರಕ್ತ ಇಳಿದಂತೆ ಸಪ್ಪೆಯಾಗಿ ಹೊರಬರುತ್ತದೆ. ಇಡೀ ಆಲ್ಬಂ ಕೊಡುವ ಮೊದಲು ರಾಶಿಗೊಂದರಂತೆ ಚಿಕ್ಕ ಪ್ರಿಂಟುಗಳನ್ನು, ಆಲ್ಬಂನದೇ ಕಾಗದದ ಮೇಲೆ, ತರಿಸಿ ನೋಡಿದೆ. ಅರಿಶಿನದ ಚಿತ್ರ ಸ್ವಲ್ಪ ಕತ್ತಲಾಗಿತ್ತು, ಕಾಲು ಸ್ಟಾಪ್ ಏರಿಸಿದೆ.

ಆ ಪ್ರಿಂಟುಗಳನ್ನು ಮದುಮಗಳ ಅಮ್ಮನಿಗೆ ತೋರಿಸಲು ಮನೆಗೆ ಹೋಗಿದ್ದೆ. ಅವರು ಒಂದು ಮಾತೂ ಆಡದೆ ಒಳಗೆ ಹೋಗಿ ಬೀರುವಿನಿಂದ ಧಾರೆ ಸೀರೆ ತಂದು, ಮಡಿಕೆ ಬಿಚ್ಚಿ ಚಿತ್ರದ ಪಕ್ಕಕ್ಕೆ ಹಿಡಿದರು. ಟ್ಯೂಬ್‌ಲೈಟಿನ ಕೆಳಗೆ ಎರಡೂ ಕೂಡಲಿಲ್ಲ. “ಕಿಟಕಿ ಹತ್ರ ಬನ್ನಿ ಅಮ್ಮಾ, ಬಣ್ಣ ನೋಡೋಕೆ ಹಗಲು ಬೆಳಕೇ ಆಗಬೇಕು,” ಎಂದೆ. ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದರು.

“ಕೆಂಪು ಸರಿಯಾಗದೆ ಕಣಪ್ಪಾ,” ಎಂದರು. “ಜರಿ ಮಾತ್ರ ಇಷ್ಟು ಹಳದಿ ಇಲ್ಲ, ನೋಡು, ಇದು ಬೆಳ್ಳಿ ಕಡೆಗೆ.”

ನೋಡಿದೆ. ಅವರು ಹೇಳಿದ್ದು ನಿಜ. ಮಂಟಪದ ಹಳದಿ ದೀಪಗಳು ಜರಿಯಲ್ಲಿ ಪ್ರತಿಫಲಿಸಿದ್ದವು, ನಾನು ಅದನ್ನು ಚಿನ್ನದ ಜರಿ ಎಂದೇ ತಿಳಿದಿದ್ದೆ. ಸ್ಟುಡಿಯೊಗೆ ಹೋಗಿ ಧಾರೆಯ ರಾಶಿಗಳಲ್ಲಿ ಜರಿಯ ಆ ಹಳದಿಯನ್ನಷ್ಟೇ ಇಳಿಸಿ, ಮರುದಿನ ಲ್ಯಾಬಿಗೆ ಕಳಿಸಿದೆ.